ಹಾರ್ನ್ ಕುಗ್ಗಿದರೆ ಅರ್ಥಿಂಗ್ ನೋಡಿ, ನಿಲ್ಲದಿದ್ದರೆ ರಿಲೇ ನೋಡಿ

ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಇರುವುದು ಕುಂದಾಪುರದ ಹತ್ತಿರ. ಎರಡು ವರ್ಷದ ಹಿಂದೆ ಕಂಪನಿ ಹಾರ್ನ್ ತೆಗೆಸಿ ಜೋಡಿ ಟ್ರಂಪೆಟ್ ಹಾರ್ನ್ ಹಾಕಿಸಿದ್ದೆ. ಆಗ ಎರಡು ಸಲ ಫ್ಯೂಸ್ ಹೋಯಿತೆಂದು ಅಂಗಡಿಯವರು 15 ಆಂಪಿಯರ್‌ನದು ತೆಗೆದು 30ರದ್ದು ಹಾಕಿಕೊಟ್ಟರು. ಈ ಮಳೆಗಾಲ ಮುಗಿದ ಮೇಲೆ ಸದ್ದು ಗಂಟಲು ಕಟ್ಟಿದ ಹಾಗೆ ಬರುತ್ತಿದೆ. ಹೋದ ವಾರ ಎರಡು ಸಲ ಹಾರ್ನ್ ಒತ್ತಿ ಕೈ ತೆಗೆದರೂ ನಿಲ್ಲಲಿಲ್ಲ. ಒಮ್ಮೆ ಬ್ಯಾಟರಿ ವೈರ್ ಬಿಚ್ಚಬೇಕಾಯಿತು, ಇನ್ನೊಮ್ಮೆ ಫ್ಯೂಸ್ ಬಾಕ್ಸ್ ತಟ್ಟಿದಾಗ ನಿಂತಿತು. ಒಬ್ಬರು ಹೊಸ ಜೋಡಿ ಹಾರ್ನ್ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಸ್ಟೇರಿಂಗ್ ಬಿಚ್ಚಬೇಕು ಎನ್ನುತ್ತಾರೆ. ಯಾವುದು ನಿಜ? ನಾನೇ ನೋಡಬಹುದಾದದ್ದು ಏನಾದರೂ ಇದೆಯೇ ಸರ್?

ಉತ್ತರ: ಬೇರೇನನ್ನು ಮುಟ್ಟುವ ಮೊದಲು ಆ 30ರ ಫ್ಯೂಸ್ ಕಿತ್ತು 15ರದ್ದು ಹಾಕಿ. ಹಸಿರು ಬಣ್ಣದ್ದು 30, ನೀಲಿ ಬಣ್ಣದ್ದು 15. ಫ್ಯೂಸ್ ಇರುವುದು ಹಾರ್ನ್ ಕಾಪಾಡಲಿಕ್ಕಲ್ಲ, ವೈರ್ ಕಾಪಾಡಲಿಕ್ಕೆ. ಸಣ್ಣ ಕಾರುಗಳಲ್ಲಿ ಹಾರ್ನ್‌ಗೆ ಕಂಪನಿ ಎಳೆದಿರುವ ವೈರ್ ತೆಳ್ಳಗಿನದು. ಎಲ್ಲಾದರೂ ಶಾರ್ಟ್ ಆದರೆ 15ರ ಫ್ಯೂಸ್ ಕೂಡಲೇ ಕರಗಿ ಕರೆಂಟ್ ನಿಲ್ಲಿಸುತ್ತದೆ. 30ರ ಫ್ಯೂಸ್ ಕರಗುವಷ್ಟರಲ್ಲಿ ವೈರಿನ ಮೈಯೇ ಕರಗಿ, ಅದರ ಜೊತೆ ಕಟ್ಟಿರುವ ಉಳಿದ ವೈರುಗಳಿಗೂ ಬಿಸಿ ತಗಲಬಹುದು. 15ರದ್ದು ಮತ್ತೆ ಹೋದರೆ ಎರಡು ಹಾರ್ನ್‌ಗಳಲ್ಲಿ ಒಂದರ ಕಪ್ಲರ್ ಕಳಚಿಡಿ. ಒಂದೇ ಹಾರ್ನ್‌ಗೆ 15 ಆಂಪಿಯರ್ ಧಾರಾಳ. ಕೆಲಸ ಮುಗಿಯುವ ತನಕ ಹೀಗೇ ಓಡಿಸಬಹುದು. ಯಾವುದನ್ನು ಕಳಚಿದಾಗ ಫ್ಯೂಸ್ ಉಳಿಯಿತು ಎಂಬುದೂ ಒಂದು ಸುಳಿವು. ಒಳಗಿನ ಡಯಾಫ್ರಮ್ ಹಿಡಿದುಕೊಂಡ ಹಾರ್ನ್ ಕಂಪಿಸದೆ ಸುಮ್ಮನೆ ಕರೆಂಟ್ ಎಳೆಯುತ್ತಾ ಕೂರುತ್ತದೆ, ಫ್ಯೂಸ್ ಹೋಗುವುದಕ್ಕೆ ಅದೂ ಒಂದು ಕಾರಣ.

ದೊಡ್ಡ ಫ್ಯೂಸ್ ಹಾಕಿದರೆ ಸದ್ದು ಜೋರಾಗುತ್ತದೆ, ಸಣ್ಣದರಿಂದ ಕುಗ್ಗುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲೂ ಇದೆ. ಅದು ತಪ್ಪು. ಫ್ಯೂಸ್ ಇದ್ದರೆ ಇದೆ, ಹೋದರೆ ಹೋಯಿತು, ನಡುವಿನ ಸ್ಥಿತಿ ಅದಕ್ಕಿಲ್ಲ. ಫ್ಯೂಸಿನಿಂದ ಸದ್ದು ಕುಗ್ಗುವ ದಾರಿ ಒಂದೇ: ಅದರ ಕಾಲುಗಳಿಗೆ ಕಿಲುಬು ಹಿಡಿದಿರುವುದು, ಇಲ್ಲವೇ ಅದು ಕೂರುವ ಸಾಕೆಟ್ ಬಿಸಿಯಾಗಿ ಸಡಿಲವಾಗಿರುವುದು. 30ರದ್ದು ಎರಡು ವರ್ಷ ಕೂತಿದ್ದ ಜಾಗವಾದ್ದರಿಂದ ಅಲ್ಲಿ ಪ್ಲಾಸ್ಟಿಕ್ ಕಂದಿದೆಯೇ, ಮೆದುವಾಗಿ ಸೊಟ್ಟಗಾಗಿದೆಯೇ ಎಂದು ಟಾರ್ಚ್ ಹಾಕಿ ನೋಡಿ.

ಇನ್ನು ಕರೆಂಟ್ ಓಡಾಡುವ ದಾರಿ. ಹಾರ್ನ್‌ಗೆ ಎರಡು ಬೇರೆ ಬೇರೆ ದಾರಿಗಳಿವೆ, ನಿಮ್ಮ ಎರಡು ತೊಂದರೆಗಳನ್ನು ಬೇರೆ ಬೇರೆ ಜಾಗದಲ್ಲಿ ಹುಡುಕಬೇಕು. ಮೊದಲನೆಯದು ದಪ್ಪ ಕರೆಂಟಿನ ದಾರಿ: ಬ್ಯಾಟರಿಯ ಪ್ಲಸ್, ಫ್ಯೂಸ್, ರಿಲೇಯ ಒಳಗಿನ ಪಾಯಿಂಟ್, ಹಾರ್ನ್, ಅಲ್ಲಿಂದ ಬಾಡಿ, ಬಾಡಿಯಿಂದ ಬ್ಯಾಟರಿಯ ಮೈನಸ್. ಎರಡನೆಯದು ಸಣ್ಣ ಕರೆಂಟಿನ ದಾರಿ: ರಿಲೇಯ ಕಾಯಿಲ್, ಸ್ಟೇರಿಂಗ್ ಕೆಳಗಿನ ಸ್ಪೈರಲ್ ಕೇಬಲ್, ಹಾರ್ನ್ ಬಟನ್, ಬಾಡಿ. ಬಟನ್ ಒತ್ತಿದಾಗ ಹೆಚ್ಚಿನ ಕಾರುಗಳಲ್ಲಿ ಆಗುವುದು ಇಷ್ಟೇ, ಕಾಯಿಲ್‌ನ ಒಂದು ತುದಿ ಬಾಡಿಗೆ ತಾಗುತ್ತದೆ. ಕಾಯಿಲ್ ಎಳೆಯುವುದು ಒಂದು ಆಂಪಿಯರ್‌ನ ಕಾಲು ಭಾಗವೂ ಇಲ್ಲ. ಅದು ಪಾಯಿಂಟನ್ನು ಸೆಳೆದು ಮುಚ್ಚಿದಾಗ ಹತ್ತು ಆಂಪಿಯರ್‌ಗಳ ದಾರಿ ತೆರೆದುಕೊಳ್ಳುತ್ತದೆ.

ಸದ್ದು ಕುಗ್ಗಿದರೆ ಹುಡುಕಬೇಕಾದದ್ದು ದಪ್ಪ ದಾರಿಯಲ್ಲಿ. ಸ್ಟೇರಿಂಗ್ ಬಟನ್ನಿಗೂ ಕುಗ್ಗಿದ ಸದ್ದಿಗೂ ಸಂಬಂಧವಿಲ್ಲ. ಬಟನ್ ಸರಿಯಾಗಿ ತಾಗದಿದ್ದರೆ ಹಾರ್ನ್ ಬಿಟ್ಟು ಬಿಟ್ಟು ಬರುತ್ತದೆ ಅಥವಾ ಬರುವುದೇ ಇಲ್ಲ, ಮೆತ್ತಗೆ ಬರುವುದಿಲ್ಲ. ಆದ್ದರಿಂದ ಸದ್ದು ಕಡಿಮೆ ಎಂದು ಸ್ಟೇರಿಂಗ್ ಬಿಚ್ಚಿಸಬೇಡಿ.

ದಪ್ಪ ದಾರಿಯಲ್ಲಿ ಮಳೆಗಾಲದಲ್ಲಿ ಎಲ್ಲಕ್ಕಿಂತ ಮೊದಲು ಸೋಲುವುದು ಅರ್ಥಿಂಗ್, ಅಂದರೆ ಹಾರ್ನ್‌ನಿಂದ ಬಾಡಿಗೆ ಹೋಗುವ ಮೈನಸ್ ಜೋಡಣೆ. ಅದರಲ್ಲೂ ಕರಾವಳಿಯಲ್ಲಿ, ಉಪ್ಪು ಗಾಳಿಗೆ. ಗ್ರಿಲ್ ಹಿಂದೆ ಹಾರ್ನ್ ಕೂರಿಸುವಾಗ ಅದರ ಮೈನಸ್ ವೈರನ್ನು ಹತ್ತಿರ ಸಿಕ್ಕಿದ ಬೋಲ್ಟಿಗೆ ಸಿಕ್ಕಿಸಿಬಿಡುವುದು ಅಂಗಡಿಗಳ ರೂಢಿ. ಆ ಬೋಲ್ಟಿನ ಕೆಳಗೆ ಪೇಂಟ್ ಇರುತ್ತದೆ. ಬೋಲ್ಟಿನ ಎಳೆಗಳು ಹೇಗೋ ತಾಗಿಕೊಂಡು ಹೊಸದರಲ್ಲಿ ಕೆಲಸ ನಡೆಯುತ್ತದೆ. ಎರಡು ಮಳೆಗಾಲ ಕಳೆದರೆ ಅಲ್ಲಿ ತುಕ್ಕು ಕಟ್ಟಿ ದಾರಿ ಕಿರಿದಾಗುತ್ತದೆ. ಒಂದೇ ಟರ್ಮಿನಲ್ ಇರುವ ಹಾರ್ನ್ ಆದರೆ ಅದರ ಕಬ್ಬಿಣದ ಪಟ್ಟಿಯೇ ಅರ್ಥಿಂಗ್, ಪಟ್ಟಿಯ ಬುಡಕ್ಕೆ ತುಕ್ಕು ಹಿಡಿದರೂ ಇದೇ ಕಥೆ.

ಮೀಟರ್ ಇಲ್ಲದೆ ಇದನ್ನು ಪರೀಕ್ಷಿಸಲು ಒಂದು ಸುಲಭದ ಉಪಾಯವಿದೆ. ಎರಡು ಮೀಟರ್ ಉದ್ದದ ದಪ್ಪ ವೈರ್ ತಂದು ಎರಡೂ ತುದಿಗೆ ಮೊಸಳೆ ಕ್ಲಿಪ್ ಹಾಕಿ. ಒಂದನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಹಾರ್ನ್‌ನ ಮೈನಸ್ ಟರ್ಮಿನಲ್‌ಗೆ ಅಥವಾ ಪಟ್ಟಿಯ ಬೋಲ್ಟಿಗೆ ಕಚ್ಚಿಸಿ. ಮನೆಯವರಲ್ಲಿ ಒಬ್ಬರು ಎರಡು ಸೆಕೆಂಡ್ ಹಾರ್ನ್ ಒತ್ತಲಿ. ಸದ್ದು ತಟ್ಟನೆ ಮೊದಲಿನ ಹಾಗೆ ಬಂದರೆ ಅರ್ಥಿಂಗೇ ಕಳ್ಳ, ಹಾರ್ನ್ ಅಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡೇ ಇದನ್ನು ಮಾಡಿ, ಬಾನೆಟ್ ತೆರೆದಿರುವಾಗ ಅಷ್ಟು ಹತ್ತಿರದ ಟ್ರಂಪೆಟ್ ಕಿವಿಗೆ ನಿಜವಾಗಿಯೂ ಪೆಟ್ಟು ಕೊಡುತ್ತದೆ.

ಮಲ್ಟಿಮೀಟರ್ ಇದ್ದರೆ ಇನ್ನೂ ಸ್ಪಷ್ಟ. ಅದನ್ನು 20 ವೋಲ್ಟ್ ಡಿಸಿಗೆ ಇಡಿ, ಎಂಜಿನ್ ಆಫ್ ಇರಲಿ. ಎಲ್ಲ ಅಳತೆಯನ್ನೂ ಹಾರ್ನ್ ಒತ್ತಿ ಹಿಡಿದಿರುವಾಗಲೇ ತೆಗೆಯಬೇಕು. ಒತ್ತದೆ ಅಳೆದರೆ ತುಕ್ಕು ಹಿಡಿದ ಅರ್ಥಿಂಗೂ ಸೊನ್ನೆ ವೋಲ್ಟ್ ತೋರಿಸಿ ಮೋಸ ಮಾಡುತ್ತದೆ, ಕರೆಂಟ್ ಹರಿಯುವಾಗ ಮಾತ್ರ ಅಡ್ಡಿ ಬಯಲಾಗುವುದು. ನಿಮ್ಮಂಥ ಕಾರಿನಲ್ಲಿ ಸಾಮಾನ್ಯವಾಗಿ ಸಿಗುವಂಥ ಅಂಕಿಗಳನ್ನು ಇಟ್ಟುಕೊಂಡು ಹೇಳುತ್ತೇನೆ.

ಬ್ಯಾಟರಿಯ ಎರಡು ತುದಿಗಳ ನಡುವೆ 12.2 ಬಂತು ಅನ್ನಿ. ಹಾರ್ನ್‌ನ ಎರಡು ಟರ್ಮಿನಲ್ ನಡುವೆ ನೋಡಿದರೆ 9.4. ಅಂದರೆ ದಾರಿಯಲ್ಲಿ 2.8 ವೋಲ್ಟ್ ಸೋರಿಹೋಗಿದೆ. ಎಲ್ಲಿ? ಮೀಟರಿನ ಒಂದು ಮುಳ್ಳನ್ನು ಬ್ಯಾಟರಿ ಪ್ಲಸ್‌ಗೆ, ಇನ್ನೊಂದನ್ನು ಹಾರ್ನ್‌ನ ಪ್ಲಸ್‌ಗೆ ಇಟ್ಟು ಒತ್ತಿದಾಗ 0.5 ಬಂತು. ಫ್ಯೂಸ್, ರಿಲೇ, ವೈರ್ ಮೂರೂ ಸೇರಿ ಅರ್ಧ ವೋಲ್ಟ್ ತಿನ್ನುವುದು ಒಪ್ಪಬಹುದಾದ ಕೊನೆಯ ಮಿತಿ. ಈಗ ಹಾರ್ನ್‌ನ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ ಅಳೆದರೆ 2.3. ಅಲ್ಲಿ 0.2ಕ್ಕಿಂತ ಹೆಚ್ಚು ಬರಬಾರದು. ಕಳ್ಳ ಸಿಕ್ಕಿದ. 9.4ನ್ನೂ 0.5ನ್ನೂ 2.3ನ್ನೂ ಕೂಡಿದರೆ ಬ್ಯಾಟರಿಯ 12.2 ಸರಿಯಾಗಿ ತಾಳೆಯಾಗುತ್ತದೆ. ತಾಳೆಯಾಗದಿದ್ದರೆ ಯಾವುದೋ ಒಂದು ಅಳತೆ ತಪ್ಪಿದೆ, ಮತ್ತೆ ತೆಗೆಯಿರಿ. ಹಾರ್ನ್ ಒಳಗಿನ ಕಾಂತದ ಸೆಳೆತ ವೋಲ್ಟೇಜಿಗಿಂತ ಬೇಗ ಇಳಿಯುತ್ತದೆ. ವೋಲ್ಟೇಜ್ ಮುಕ್ಕಾಲಾದರೆ ಸೆಳೆತ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಗಂಟಲು ಕಟ್ಟಿದ ಆ ಸದ್ದು ಅದರದ್ದೇ.

ಬ್ಯಾಟರಿಯಲ್ಲೇ 11.5ಕ್ಕಿಂತ ಕಡಿಮೆ ಬಂದರೆ, ಅಥವಾ ಎಂಜಿನ್ ಓಡುವಾಗ ಮಾತ್ರ ಸದ್ದು ಸರಿಯಾದರೆ, ಬ್ಯಾಟರಿ ಕಡೆಗೆ ಮೊದಲು ಗಮನ ಕೊಡಿ.

ಅರ್ಥಿಂಗ್ ಸರಿಮಾಡುವುದು ಅರ್ಧ ಗಂಟೆಯ ಕೆಲಸ. ಬ್ಯಾಟರಿಯ ಮೈನಸ್ ಕಳಚಿ. ಅರ್ಥಿಂಗ್ ಬೋಲ್ಟ್ ಬಿಚ್ಚಿ, ಅದು ಕೂರುವ ಜಾಗವನ್ನು ಎಮರಿ ಪೇಪರಿನಿಂದ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ, ಪೇಂಟ್ ಹೋಗಿ ಬಿಳಿ ಕಬ್ಬಿಣ ಹೊಳೆಯುವ ತನಕ ಉಜ್ಜಿ. ವೈರಿನ ತುದಿಯಲ್ಲಿ ಹಸಿರು ಪುಡಿ ಇದ್ದರೆ ಎರಡು ಇಂಚು ಕತ್ತರಿಸಿ ತೆಗೆಯಿರಿ. ಒಳಗಿನ ತಾಮ್ರ ಕಪ್ಪಾಗಿದ್ದರೆ ವೈರೇ ಬದಲಾಗಬೇಕು, ಏಕೆಂದರೆ ಉಪ್ಪುನೀರು ಎಳೆಗಳ ನಡುವೆ ಬತ್ತಿಯ ಹಾಗೆ ಮೇಲಕ್ಕೇರುತ್ತದೆ. ಹೊಸ ರಿಂಗ್ ಟರ್ಮಿನಲನ್ನು ಒತ್ತಿ ಕೂರಿಸಿ, ಹೊಳೆಯುವ ಕಬ್ಬಿಣಕ್ಕೆ ನೇರ ತಾಗುವಂತೆ ಬೋಲ್ಟ್ ಬಿಗಿಯಿರಿ. ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರುವುದು ಬಿಗಿದ ಮೇಲೆ, ಹೊರಗಿನಿಂದ. ಮತ್ತೆ ಅಳೆಯಿರಿ. ಹಾರ್ನ್‌ಗೆ 11.5ಕ್ಕಿಂತ ಹೆಚ್ಚು ಸಿಕ್ಕರೆ ಆ ಕಡೆಯ ಕೆಲಸ ಮುಗಿಯಿತು.

ಅಷ್ಟು ಸಿಕ್ಕೂ ಸದ್ದು ಕುಗ್ಗಿದ್ದರೆ ಮಾತ್ರ ಹಾರ್ನ್ ಮೇಲೆ ಅನುಮಾನ. ಆಗ ಒಂದೊಂದನ್ನೇ ಕಳಚಿ ಕೇಳಿ. ಜೋಡಿಯಲ್ಲಿ ಒಂದು ದಪ್ಪ ದನಿ, ಒಂದು ತೆಳು ದನಿ. ಒಂದು ಸತ್ತಿದ್ದರೂ ಕಿವಿಗೆ ಸದ್ದು ಕುಗ್ಗಿದಂತೆಯೇ ಕೇಳುತ್ತದೆ. ಟ್ರಂಪೆಟ್ ಬಾಯಿ ಮೇಲ್ಮುಖವಾಗಿದ್ದರೆ ಮಳೆನೀರು ಒಳಗೆ ನಿಲ್ಲುತ್ತದೆ, ಕೆಳಮುಖವಾಗಿ ತಿರುಗಿಸಿ. ಹಾರ್ನ್ ತನ್ನ ಪಟ್ಟಿಯ ಮೇಲೆ ಒಂಟಿಯಾಗಿ ನೇತಾಡಬೇಕು. ಗ್ರಿಲ್ಲಿಗೋ ಬಂಪರಿಗೋ ತಾಗಿದ್ದರೆ ಸದ್ದು ಸಾಯುತ್ತದೆ. ಬೆನ್ನಿಗೆ ಸಣ್ಣ ಅಡ್ಜಸ್ಟ್ ಸ್ಕ್ರೂ ಇದ್ದರೆ ಅದರ ಮೊದಲಿನ ಜಾಗಕ್ಕೆ ಗುರುತು ಹಾಕಿಕೊಂಡು ಒಂದು ಸಲಕ್ಕೆ ಕಾಲು ಸುತ್ತಿನಂತೆ ಎರಡೂ ಕಡೆ ತಿರುಗಿಸಿ ನೋಡಬಹುದು. ನಡುವಿನ ದೊಡ್ಡ ನಟ್ ಮಾತ್ರ ಮುಟ್ಟಬೇಡಿ, ಡಯಾಫ್ರಮ್ ನಿಂತಿರುವುದು ಅದರ ಮೇಲೆ.

ಈಗ ನಿಲ್ಲದ ಹಾರ್ನ್. ಇಲ್ಲಿ ನೀವು ಬರೆದ ಒಂದು ವಿವರ ಬಹಳ ಬೆಲೆಯದು: ನೀವು ಒತ್ತಿದಿರಿ, ಆಮೇಲೆ ಅದು ನಿಲ್ಲಲಿಲ್ಲ. ತಾನಾಗಿ ಶುರುವಾಗಲಿಲ್ಲ. ರಿಲೇಯ ಪಾಯಿಂಟ್ ಬೆಸೆದುಕೊಳ್ಳುವುದು ಅದರಲ್ಲಿ ಕರೆಂಟ್ ಹರಿಯುವಾಗ ಮಾತ್ರ. ಹಾಗಾಗಿ ಒತ್ತಿದ ಮೇಲೆ ನಿಲ್ಲದ ಹಾರ್ನ್ ಬಹುಮಟ್ಟಿಗೆ ರಿಲೇಯ ಕಾಯಿಲೆ. ಯಾರೂ ಮುಟ್ಟದೆ, ಕಾರು ನಿಂತಲ್ಲೇ ಕೂಗಲು ಶುರುವಾದರೆ ಅಥವಾ ಸ್ಟೇರಿಂಗ್ ತಿರುಗಿಸಿದಾಗ ಕೂಗಿದರೆ ಅದು ಸಣ್ಣ ದಾರಿಯ ಕಾಯಿಲೆ: ಬಟನ್, ಸ್ಪೈರಲ್ ಕೇಬಲ್, ಎಲ್ಲೋ ಮೈ ಸವೆದು ಬಾಡಿಗೆ ತಾಗುತ್ತಿರುವ ವೈರ್. ಬಾಕ್ಸ್ ತಟ್ಟಿದಾಗ ನಿಂತದ್ದೂ ರಿಲೇಯನ್ನೇ ತೋರಿಸುತ್ತದೆ. ತಟ್ಟಿದ ಅದುರಿಗೆ ಬೆಸುಗೆ ಬಿಟ್ಟಿದೆ.

ಬೆಸೆದುಕೊಂಡದ್ದೇಕೆ ಎಂದರೆ ಆ ರಿಲೇ ಕಂಪನಿ ಹಾರ್ನ್‌ನ ಕರೆಂಟ್ ಲೆಕ್ಕ ಹಾಕಿ ಕೊಟ್ಟದ್ದು. ಸಾಮಾನ್ಯ ಡಿಸ್ಕ್ ಹಾರ್ನ್ ಒಂದಕ್ಕೆ ಮೂರು ನಾಲ್ಕು ಆಂಪಿಯರ್, ಟ್ರಂಪೆಟ್ ಜೋಡಿಗೆ ಹತ್ತು ಅಥವಾ ಅದಕ್ಕೂ ಮೇಲೆ. ಮೇಲಾಗಿ ಹಾರ್ನ್ ಒಳಗಿರುವುದು ಸೆಕೆಂಡಿಗೆ ನಾನೂರು ಐನೂರು ಸಲ ಮುಚ್ಚಿ ತೆರೆಯುವ ಪಾಯಿಂಟ್. ಬಟನ್ ಬಿಟ್ಟಾಗಲೆಲ್ಲ ಹಾರ್ನ್ ಕಾಯಿಲ್‌ನಿಂದ ಮೇಲೆದ್ದ ವೋಲ್ಟೇಜ್ ರಿಲೇಯ ಪಾಯಿಂಟಿನಲ್ಲೂ ಕಿಡಿಯಾಗುತ್ತದೆ. ಕಿಡಿ ಬಿದ್ದು ಬಿದ್ದು ಪಾಯಿಂಟಿನ ಮುಖ ಗುಳಿಬೀಳುತ್ತದೆ, ಒಂದು ದಿನ ಕರಗಿದ ಲೋಹ ಅಂಟಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಎರಡು ತೊಂದರೆಗಳ ಜಾಗ ಬೇರೆಯಾದರೂ ಬೇರು ಒಂದೇ, ಹೆಚ್ಚು ಕರೆಂಟ್ ಎಳೆಯುವ ಹಾರ್ನನ್ನು ಹಳೆಯ ದಾರಿಗೇ ಜೋಡಿಸಿದ್ದು.

ಮುಂದಿನ ಸಲ ನಿಲ್ಲದಿದ್ದರೆ ಬ್ಯಾಟರಿಗೆ ಕೈ ಹಾಕಬೇಡಿ, ಕರೆಂಟ್ ಹರಿಯುವಾಗ ಬ್ಯಾಟರಿ ಬಳಿ ಕಿಡಿ ಒಳ್ಳೆಯದಲ್ಲ. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗಿನ ಚಿತ್ರದಲ್ಲಿ ಹಾರ್ನ್ ಗುರುತು ಇರುವ ರಿಲೇಯನ್ನು ಮೊದಲೇ ಹುಡುಕಿಟ್ಟುಕೊಳ್ಳಿ, ಅದನ್ನು ಮೇಲಕ್ಕೆ ಕೀಳಿ. ಕೆಲವು ಕಾರುಗಳಲ್ಲಿ ಹಾರ್ನ್ ಫ್ಯೂಸಿಗೇ ಹಜಾರ್ಡ್ ದೀಪವೂ ಸೇರಿರುತ್ತದೆ, ಅದಕ್ಕೇ ಫ್ಯೂಸ್‌ಗಿಂತ ರಿಲೇ ಕೀಳುವುದು ಮೇಲು. ರಿಲೇ ಕಿತ್ತರೂ ಹಾರ್ನ್ ಕೂಗುತ್ತಲೇ ಇದ್ದರೆ ಟ್ರಂಪೆಟ್ ಹಾಕಿದವರು ಬೇರೆಲ್ಲಿಂದಲೋ ನೇರ ವೈರ್ ಎಳೆದಿದ್ದಾರೆ ಎಂದರ್ಥ. ಆಗ ಹಾರ್ನ್ ಕಪ್ಲರನ್ನೇ ಕಳಚಬೇಕು.

ಕಿತ್ತ ರಿಲೇಯ ಹೊಟ್ಟೆಯ ಮೇಲೆ ಸಣ್ಣ ಅಂಕಿಗಳಿರುತ್ತವೆ. 30 ಮತ್ತು 87 ದಪ್ಪ ದಾರಿಯ ಪಾಯಿಂಟ್, 85 ಮತ್ತು 86 ಕಾಯಿಲ್. ಮೀಟರನ್ನು ಬೀಪ್ ಗುರುತಿಗೆ ಇಟ್ಟು 30 ಮತ್ತು 87ಕ್ಕೆ ಮುಳ್ಳು ತಾಗಿಸಿ. ಬೀಪ್ ಬಂದರೆ ಅದು ಬೆಸೆದ ರಿಲೇ, ಎಸೆದುಬಿಡಿ. ಬೀಪ್ ಬರಲಿಲ್ಲ ಎಂದ ಮಾತ್ರಕ್ಕೆ ಅದು ಚೆನ್ನಾಗಿದೆ ಎಂದೇನೂ ಅಲ್ಲ, ಕೀಳುವ ಎಳೆತಕ್ಕೇ ಅಂಟು ಬಿಟ್ಟಿರಬಹುದು. ಎರಡು ಸಲ ಕೈಕೊಟ್ಟ ರಿಲೇಯನ್ನು ಮೀಟರ್ ಏನೇ ಹೇಳಲಿ ಬದಲಿಸಿ. ಬೆಲೆ ಕೆಲವು ನೂರು ರೂಪಾಯಿಯೊಳಗೆ. ಮೇಲೆ ಬರೆದ ನಂಬರ್ ಮತ್ತು ಕಾಲುಗಳ ಜಾಗ ಎರಡೂ ಹೊಂದಬೇಕು. ಪರೀಕ್ಷೆಗೆಂದು ಪಕ್ಕದ ಅಂಥದ್ದೇ ರಿಲೇ ಹಾಕಿ ನೋಡಬಹುದು, ಆದರೆ ಫ್ಯುಯೆಲ್ ಪಂಪ್, ಎಬಿಎಸ್ ರಿಲೇಗಳನ್ನು ಮುಟ್ಟಬೇಡಿ. ಹಾರ್ನ್ ರಿಲೇ ಬೋರ್ಡಿಗೇ ಬೆಸೆದಿರುವ ಕಾರುಗಳೂ ಇವೆ. ನಿಮ್ಮದು ಅಂಥದ್ದಾದರೆ ಅದನ್ನು ಕೆದಕದೆ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗಿ.

ರಿಲೇ ಹೊರಗಿರುವಾಗಲೇ ಸಣ್ಣ ದಾರಿಯನ್ನೂ ನೋಡಿಬಿಡಿ. ಸಾಕೆಟ್‌ನ ನಾಲ್ಕು ತೂತುಗಳಲ್ಲಿ ಎರಡಕ್ಕೆ ಬ್ಯಾಟರಿ ಕರೆಂಟ್ ಇರುತ್ತದೆ, ವೋಲ್ಟ್ ಇಟ್ಟು ಮೊದಲು ಅವನ್ನು ಗುರುತಿಸಿ ಬಿಟ್ಟುಬಿಡಿ. ಉಳಿದ ಎರಡರಲ್ಲಿ ಒಂದೊಂದಕ್ಕೂ ಬಾಡಿಗೂ ನಡುವೆ ಬೀಪ್ ನೋಡಿ. ಇಲ್ಲಿ ಬಹಳ ಜನ ಎಡವುತ್ತಾರೆ. 87ರ ತೂತು ಹಾರ್ನ್‌ಗೆ ಹೋಗುವುದರಿಂದ, ಹಾರ್ನ್ ಕಾಯಿಲ್ ಮೂಲಕ ಅದು ಸದಾ ಬಾಡಿಗೆ ಬೀಪ್ ಕೊಡಬಹುದು. ಅದು ಶಾರ್ಟ್ ಅಲ್ಲ. ಹಾರ್ನ್ ಕಪ್ಲರ್ ಕಳಚಿದರೆ ಆ ಬೀಪ್ ಹೋಗುತ್ತದೆ. ಇನ್ನೊಂದು ತೂತು ಬಟನ್ನಿನದು. ಬಟನ್ ಒತ್ತಿದಾಗ ಮಾತ್ರ ಬೀಪ್ ಬರಬೇಕು, ಬಿಟ್ಟರೆ ಹೋಗಬೇಕು. ಒತ್ತದೆಯೂ ಬೀಪ್ ಇದ್ದರೆ, ಅಥವಾ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುವಾಗ ನಡುವೆ ಎಲ್ಲೋ ಬೀಪ್ ಬಂದರೆ, ಆಗ ಸ್ಟೇರಿಂಗ್ ಬಿಚ್ಚಬೇಕು ಎಂದವರ ಮಾತು ನಿಜ. ಆದರೆ ಬಿಚ್ಚುವವರು ನೀವಾಗಬಾರದು. ಹಾರ್ನ್ ಪ್ಯಾಡ್ ಹಿಂದೆಯೇ ಏರ್‌ಬ್ಯಾಗ್ ಇದೆ. ಅದನ್ನು ಬಲ್ಲವರು ಬ್ಯಾಟರಿ ಕಳಚಿ, ಕಾರಿನ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಕೈ ಹಾಕುತ್ತಾರೆ. ಹಳದಿ ಕಪ್ಲರಿನ ವೈರಿಗೆ ಮೀಟರ್ ಮುಳ್ಳು ತಾಗಿಸುವುದಂತೂ ಬೇಡವೇ ಬೇಡ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪವೂ ಉರಿಯುತ್ತಿದ್ದರೆ ಸ್ಪೈರಲ್ ಕೇಬಲ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ, ಎರಡರ ವೈರೂ ಆ ಒಂದೇ ಸುರುಳಿಯಲ್ಲಿ ಹೋಗುತ್ತದೆ.

ರಿಲೇ ಮತ್ತು ಅರ್ಥಿಂಗ್ ಸರಿಯಾದ ಮೇಲೆ ಟ್ರಂಪೆಟ್ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಕಂಪನಿ ಅಳತೆಯ ಹಾರ್ನ್‌ಗೆ ಮರಳುವುದು ಒಳ್ಳೆಯದು. ಹಳೆಯ ವೈರ್, 15ರ ಫ್ಯೂಸ್, ಹೊಸ ರಿಲೇ ಅದನ್ನು ವರ್ಷಗಟ್ಟಲೆ ಹೊರುತ್ತವೆ. ಟ್ರಂಪೆಟ್ಟೇ ಬೇಕೆಂದರೆ ಅದಕ್ಕೆ ಸ್ವಂತ ದಾರಿ ಕೊಡಿಸಿ. ಬ್ಯಾಟರಿ ಪ್ಲಸ್‌ನಿಂದ 2.5 ಚದರ ಮಿಲಿಮೀಟರ್ ವೈರ್ ಎಳೆದು, ಬ್ಯಾಟರಿಯಿಂದ ಒಂದು ಗೇಣಿನೊಳಗೆ 20ರ ಫ್ಯೂಸ್ ಹಾಕಿ, ಅಲ್ಲಿಂದ 40 ಆಂಪಿಯರ್‌ನ ಬೇರೆ ರಿಲೇಯ 30ಕ್ಕೆ ಕೊಡಬೇಕು. 87ರಿಂದ ಅಷ್ಟೇ ದಪ್ಪದ ವೈರ್ ಎರಡೂ ಹಾರ್ನ್‌ಗೆ ಹೋಗಬೇಕು. ಮೊದಲು ಹಾರ್ನ್‌ಗೆ ಬರುತ್ತಿದ್ದ ಕಂಪನಿ ಪ್ಲಸ್ ವೈರ್ ಈಗ 86ಕ್ಕೆ, 85 ಬಾಡಿಗೆ. ಹೀಗಾದರೆ ಹಳೆಯ ರಿಲೇ ಹೊಸ ರಿಲೇಯ ಕಾಯಿಲನ್ನು ಮಾತ್ರ ಎಬ್ಬಿಸುತ್ತದೆ, ಅದಕ್ಕೆ ಭಾರವೇ ಇರುವುದಿಲ್ಲ. ಹಾರ್ನ್‌ಗಳ ಮೈನಸ್ಸೂ 2.5ರ ವೈರಿನಲ್ಲೇ ಹೋಗಬೇಕು. ಪ್ಲಸ್ ಕಡೆ ಎಲ್ಲ ಮಾಡಿ ಅರ್ಥಿಂಗನ್ನು ಹಳೆಯ ಬೋಲ್ಟಿಗೇ ಬಿಟ್ಟುಬಿಡುವ ಕೆಲಸಗಾರರಿದ್ದಾರೆ, ಅದನ್ನು ನಿಂತು ನೋಡಿ. ಹೊಸ ರಿಲೇಯನ್ನು ಕಾಲುಗಳು ಕೆಳಗೆ ಬರುವಂತೆ ಕಟ್ಟಿಸಿ, ನಿಮ್ಮೂರಿನ ಮಳೆಯಲ್ಲಿ ನೀರು ಇಳಿದುಹೋಗಲಿ.

ಇನ್ನೊಂದು, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಒಂದಾದ ಮೇಲೊಂದು ಬೇರೆ ಬೇರೆ ಸ್ವರ ಬರುವ ಹಾರ್ನನ್ನೂ ವಿಪರೀತ ಕರ್ಕಶವಾದದ್ದನ್ನೂ ನಿಷೇಧಿಸುತ್ತದೆ. ಎರಡು ದನಿ ಒಟ್ಟಿಗೇ ಬರುವ ಜೋಡಿ ಆ ಮೊದಲ ಗುಂಪಿಗೆ ಸೇರುವುದಿಲ್ಲ, ಆದರೆ ಎಷ್ಟು ಜೋರಿನದನ್ನು ಕೊಳ್ಳುತ್ತೀರಿ ಎಂಬುದನ್ನು ಅಂಗಡಿಯಲ್ಲೇ ಯೋಚಿಸಿ.

ಈ ವಾರ ಮೊದಲು 15ರ ಫ್ಯೂಸ್, ನಾಳೆಯೇ ಹೊಸ ರಿಲೇ, ಭಾನುವಾರ ಅರ್ಥಿಂಗ್. ಹೊಸ ರಿಲೇ ಹಾಕಿದ ಮೇಲೂ ಹಾರ್ನ್ ನಿಲ್ಲದೆ ಹೋದರೆ, ಮತ್ತು ಬಟನ್ನಿನ ತೂತಿನ ಪರೀಕ್ಷೆಯಲ್ಲಿ ಒತ್ತದೆಯೂ ಬೀಪ್ ಬಂದರೆ, ಆಗ ಸ್ಟೇರಿಂಗ್ ಬಿಚ್ಚಿಸಲು ಹೋಗಿ. ಹೋಗುವಾಗ ಈ ಅಳತೆಗಳನ್ನು ಬರೆದುಕೊಂಡು ಹೋಗಿ ಕೆಲಸಗಾರರ ಕೈಗೆ ಕೊಡಿ.